ಪ್ರಶ್ನೆ ಕೇಳಿ ಐದು ಹೆಜ್ಜೆ

ಒಂದು ದಿನ ಆರನೇ ಕ್ಲಾಸಿನ ವಿಜ್ಞಾನದ ಪಾಠವನ್ನು ಫೋನಲ್ಲಿ ರೆಕಾರ್ಡ್ ಮಾಡಿದೆ. ಮಕ್ಕಳಿಗೆ ಕಾಣದ ಹಾಗೆ ಸೀಮೆಸುಣ್ಣದ ಡಬ್ಬಿ ಹಿಂದೆ ಫೋನ್ ಇಟ್ಟಿದ್ದೆ. ನಮ್ಮದು ಕಡೂರು ಕಡೆಯ ಒಂದು ಸರ್ಕಾರಿ ಶಾಲೆ, ಆ ಕ್ಲಾಸಲ್ಲಿ 31 ಮಕ್ಕಳು. ಪಾಠ ಚೆನ್ನಾಗಿಯೇ ಆಯ್ತು ಅಂದುಕೊಂಡು, ರಾತ್ರಿ ಅಡುಗೆ ಕೆಲಸ ಮುಗಿಸಿ ಕೇಳಲು ಕೂತೆ.

ನಲವತ್ತು ನಿಮಿಷದಲ್ಲಿ ನಾನು 53 ಪ್ರಶ್ನೆ ಕೇಳಿದ್ದೆ! ಅದರಲ್ಲಿ ಅರ್ಧಕ್ಕರ್ಧ 'ಅರ್ಥ ಆಯ್ತಾ?', 'ನೀರು ಆವಿ ಆಗುತ್ತೆ, ಅಲ್ವಾ?' ಅನ್ನೋ ಥರದವು. ಅವಕ್ಕೆಲ್ಲ ಇಡೀ ಕ್ಲಾಸು 'ಹೂಂ ಮಿಸ್' ಅಂತ ರಾಗ ಎಳೆದಿತ್ತು. ಉಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದು ಐದೇ ಐದು ಮಕ್ಕಳು, ಅದೂ ಮುಂದಿನ ಬೆಂಚಿನವರು. ಅವರೂ ತಡ ಮಾಡಿದ ಕಡೆ ನಾನೇ ಉತ್ತರ ಹೇಳಿ ಮುಂದೆ ಹೋಗಿದ್ದೆ. ಪ್ರಶ್ನೆ ಮುಗಿದ ಮೇಲೆ ನಾನು ಎಷ್ಟು ಹೊತ್ತು ಸುಮ್ಮನಿದ್ದೆ ಅಂತ ಗಡಿಯಾರ ಹಿಡಿದು ಅಳೆಯಲು ಹೋದೆ. ಆಗಲಿಲ್ಲ. ಅಳೆಯುವಷ್ಟು ಸಮಯವೇ ಅಲ್ಲಿರಲಿಲ್ಲ.

ಈ ಕಾಯಿಲೆ ನನ್ನೊಬ್ಬಳದ್ದಲ್ಲ ಅಂತ ಆಮೇಲೆ ಓದಿ ತಿಳಿಯಿತು. 1970ರ ದಶಕದಲ್ಲಿ ಅಮೆರಿಕದ ಮೇರಿ ಬಡ್ ರೋ ಎಂಬುವರು ವಿಜ್ಞಾನ ಪಾಠಗಳನ್ನು ಟೇಪ್ ಮಾಡಿ ಕೇಳಿಸಿಕೊಂಡಿದ್ದರು. ಟೀಚರುಗಳು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರಂತೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, 'ಗೊತ್ತಿಲ್ಲ' ಅನ್ನುವುದು ಕಡಿಮೆಯಾಯಿತು. ನನಗೆ ಚುಚ್ಚಿದ್ದು ಇನ್ನೊಂದು ಮಾತು. ಜಾಣ ಅಂತ ಅಂದುಕೊಂಡ ಮಗುವಿಗೆ ಟೀಚರುಗಳು ಜಾಸ್ತಿ ಹೊತ್ತು ಕಾಯುತ್ತಾರೆ, ಹಿಂದುಳಿದ ಮಗುವಿಗೆ ಕಡಿಮೆ. ನನ್ನ ರೆಕಾರ್ಡಿಂಗಲ್ಲೂ ಹಾಗೇ ಇತ್ತು.

ಮೂರು ಸೆಕೆಂಡು ಅಂದರೆ ಎಷ್ಟು ಮಹಾ ಅಂತ ಅನ್ನಿಸುತ್ತೆ. ಮೂವತ್ತೊಂದು ಜನ ನಿಮ್ಮ ಮುಖವನ್ನೇ ನೋಡುತ್ತಿರುವಾಗ ಸುಮ್ಮನೆ ನಿಂತು ನೋಡಿ, ಗೊತ್ತಾಗುತ್ತೆ. ಮನಸ್ಸಲ್ಲೇ ಒಂದು, ಎರಡು, ಮೂರು ಅಂತ ಎಣಿಸಿದೆ. ಗಾಬರಿಯಲ್ಲಿ ಒಂದೇ ಉಸಿರಿಗೆ ಮೂರೂ ಮುಗಿದುಹೋಗುತ್ತಿತ್ತು. ಕೊನೆಗೆ ಕೈ ಹಿಡಿದದ್ದು ಕಾಲು. ಪ್ರಶ್ನೆ ಕೇಳಿ ಬೋರ್ಡ್ ಹತ್ತಿರದಿಂದ ಕಿಟಕಿಯವರೆಗೆ ನಿಧಾನವಾಗಿ ನಡೆಯುವುದು, ಐದು ಹೆಜ್ಜೆ. ಕಿಟಕಿ ಮುಟ್ಟುವ ತನಕ ಬಾಯಿ ತೆರೆಯಬಾರದು. ಪ್ರಶ್ನೆಯನ್ನು ಇನ್ನೊಂದು ಸಲ ಹೇಳುವುದೂ ಇಲ್ಲ. ಸಹಾಯ ಮಾಡಲಿಕ್ಕೆ ಅಂತಲೇ ಹಾಗೆ ಹೇಳುತ್ತಿದ್ದೆ, ಆದರೆ ಯೋಚನೆ ಶುರು ಮಾಡಿದ ಮಗುವಿಗೆ ಅದು ಅಡ್ಡ ಬಂದ ಹಾಗೆ.

ಮೊದಲ ವಾರ ಇದೂ ಕೈಕೊಟ್ಟಿತು. ನಾನು ಎರಡನೇ ಹೆಜ್ಜೆ ಇಡುವಷ್ಟರಲ್ಲಿ ಮುಂದಿನ ಬೆಂಚಿನಿಂದ 'ಮಿಸ್ ನಾನು, ಮಿಸ್ ನಾನು' ಅಂತ ಕೂಗು. ಒಬ್ಬರು ಕೂಗಿದರೆ ಉಳಿದವರ ಯೋಚನೆ ಅಲ್ಲಿಗೇ ನಿಂತುಹೋಗುತ್ತೆ. ಅದಕ್ಕೇ ಕೈ ಎತ್ತುವುದನ್ನೇ ನಿಲ್ಲಿಸಿದೆ. ಉತ್ತರ ಹೊಳೆದವರು ಹೆಬ್ಬೆರಳನ್ನು ಎದೆ ಹತ್ತಿರ ಹಿಡಿಯಬೇಕು, ಅಷ್ಟೇ. ನನಗೆ ಕಾಣುತ್ತೆ, ಪಕ್ಕದವರಿಗೆ ಸುಲಭವಾಗಿ ಕಾಣುವುದಿಲ್ಲ. ಹೆಸರನ್ನೂ ಕೊನೆಯಲ್ಲಿ ಹೇಳತೊಡಗಿದೆ. ಮೊದಲೇ ಒಬ್ಬರ ಹೆಸರು ಕರೆದು ಪ್ರಶ್ನೆ ಕೇಳಿದರೆ ಉಳಿದ ಮೂವತ್ತು ಜನಕ್ಕೆ ಆವತ್ತಿನ ಮಟ್ಟಿಗೆ ರಜೆ.

ಆದರೆ ಎಲ್ಲ ಪ್ರಶ್ನೆಗೂ ಕಾಯಬೇಕಿಲ್ಲ. 'ನೀರು ಎಷ್ಟು ಡಿಗ್ರಿಗೆ ಕುದಿಯುತ್ತೆ?' ಅಂತ ಕೇಳಿ ಹತ್ತು ಸೆಕೆಂಡು ನಿಂತರೆ ಗೊತ್ತಿಲ್ಲದವರಿಗೆ ಗೊತ್ತಾಗಿಬಿಡುತ್ತಾ? ನೆನಪಿನ ಪ್ರಶ್ನೆಗೆ ಕಾಯುವುದು ಬರೀ ಹಿಂಸೆ. ಹಾಗಂತ 'ಮಳೆ ಬಗ್ಗೆ ನಿಮಗೇನು ಅನ್ನಿಸುತ್ತೆ?' ಅಂತ ಬಾಗಿಲು ಪೂರ್ತಿ ತೆರೆದೂ ನೋಡಿದೆ. ಯಾವ ಕಡೆ ಹೋಗಬೇಕು ಅಂತ ತಿಳಿಯದೆ ಮಕ್ಕಳು ಮಿಕಮಿಕ ನೋಡಿದರು. ಕೆಲಸಕ್ಕೆ ಬಂದದ್ದು ಕಣ್ಣ ಮುಂದೆ ಒಂದು ವಸ್ತು ಇಟ್ಟು, ಅದರ ಕಾರಣ ಕೇಳುವ ಪ್ರಶ್ನೆ. ಅಂಥದ್ದು ಒಂದು ಪಾಠಕ್ಕೆ ಎರಡು ಸಾಕು. ಅವನ್ನು ಹಿಂದಿನ ರಾತ್ರಿಯೇ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ನಿಂತ ನಿಲುವಲ್ಲಿ ಹೊಳೆಯುವ ಪ್ರಶ್ನೆಗಳು ನನ್ನ ಬಾಯಲ್ಲಿ 'ಅಲ್ವಾ?' ಎಂದೇ ಮುಗಿಯುತ್ತವೆ.

ಜುಲೈ ತಿಂಗಳ ಒಂದು ದಿನದ್ದು ಹೇಳುತ್ತೇನೆ. ಬಸ್ ಸ್ಟ್ಯಾಂಡ್ ಹತ್ತಿರದ ಜ್ಯೂಸ್ ಅಂಗಡಿಯಿಂದ ಫ್ಲಾಸ್ಕಲ್ಲಿ ಐಸ್ ತಂದಿದ್ದೆ. ಸ್ಟೀಲ್ ಲೋಟವನ್ನು ಚೆನ್ನಾಗಿ ಒರೆಸಿ, ನೀರು ಮತ್ತು ಐಸ್ ಹಾಕಿ ಮೇಜಿನ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಲೋಟದ ಹೊರಗೆಲ್ಲ ಹನಿ. 'ಹೊರಗಿರೋ ಈ ನೀರು ಎಲ್ಲಿಂದ ಬಂತು? ಯಾಕೆ ಹಾಗಂತೀರಾ?' ಅಂತ ಕೇಳಿ ಕಿಟಕಿ ಕಡೆ ನಡೆದೆ.

ಏಳೆಂಟು ಹೆಬ್ಬೆರಳು ಕಂಡವು. ಒಬ್ಬ ಹುಡುಗನನ್ನು ಕೇಳಿದೆ. 'ಒಳಗಿಂದ ಸೋರಿದೆ ಮಿಸ್' ಅಂದ. ಹಿಂದಿನ ನಾನಾಗಿದ್ದರೆ 'ತಪ್ಪು' ಅಂತಲೋ, ಸರಿಯಿದ್ದರೆ 'ಶಹಬ್ಬಾಸ್' ಅಂತಲೋ ತಕ್ಷಣ ಅಂದುಬಿಡುತ್ತಿದ್ದೆ. ಎರಡರಲ್ಲಿ ಯಾವುದು ಅಂದರೂ ಮಾತು ಅಲ್ಲಿಗೆ ಮುಗಿದ ಹಾಗೆಯೇ. ಈ ಸಲ ಉತ್ತರ ಬಂದ ಮೇಲೂ ಕಾದೆ. ರೋ ಅವರು ಈ ಎರಡನೇ ಕಾಯುವಿಕೆಗೂ ತುಂಬ ಬೆಲೆ ಕೊಟ್ಟಿದ್ದರು. ನನಗಂತೂ ಮೊದಲಿನದಕ್ಕಿಂತ ಇದರಿಂದಲೇ ಜಾಸ್ತಿ ಲಾಭವಾಯಿತು. ಸುಮ್ಮನೆ ಅವನನ್ನೇ ನೋಡುತ್ತಾ ನಿಂತಿದ್ದಕ್ಕೆ ಅವನು ಮುಂದುವರಿಸಿದ: 'ಯಾಕಂದ್ರೆ ಮಿಸ್, ನಮ್ಮನೆ ಮಡಕೇನೂ ಹಿಂಗೇ ಒದ್ದೆ ಇರುತ್ತೆ.' ನೋಡಿ, ಪೆದ್ದ ಉತ್ತರವಲ್ಲ ಅದು. ಮಣ್ಣಿನ ಮಡಕೆಯಲ್ಲಿ ನೀರು ನಿಜಕ್ಕೂ ಜಿನುಗುತ್ತೆ. ಅವನು ಅದನ್ನು ಸ್ಟೀಲಿಗೂ ಹಚ್ಚಿದ್ದ, ಅಷ್ಟೇ.

'ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಿ. ಸೋರಿದೆ ಅನ್ನೋದನ್ನ ಒಪ್ಪುತ್ತೀರಾ, ಇಲ್ವಾ?' ಅಂದೆ. ಕ್ಲಾಸು ಗಿಜಿಗುಟ್ಟಿತು. ನಾನು ಬೆಂಚುಗಳ ನಡುವೆ ಓಡಾಡುತ್ತಾ ಕಿವಿಗೊಟ್ಟೆ. ಮೂಲೆಯ ಬೆಂಚಿನಲ್ಲಿ ತಾಂಡಾದಿಂದ ಬರುವ ಒಬ್ಬಳು ಹುಡುಗಿ ಇದ್ದಳು. ಜೂನಿನಿಂದ ಹಾಜರಿಗೆ 'ಎಸ್ ಮಿಸ್' ಅಂದದ್ದು ಬಿಟ್ಟರೆ ಅವಳ ದನಿ ನಾನು ಕೇಳಿರಲಿಲ್ಲ. ಅವತ್ತು ಗೆಳತಿಗೆ ಲಂಬಾಣಿಯಲ್ಲಿ, ಮಧ್ಯೆ ಮಧ್ಯೆ ಕನ್ನಡ ಸೇರಿಸಿ, ಕೈ ಆಡಿಸುತ್ತಾ ಏನೋ ವಿವರಿಸುತ್ತಿದ್ದಳು. 'ಕನ್ನಡದಲ್ಲಿ ಮಾತಾಡಿ' ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ಅವಳು ಬಾಯಿ ಮುಚ್ಚಿಬಿಡುತ್ತಿದ್ದಳು. ಬಗ್ಗಿ ಮೆಲ್ಲಗೆ ಕೇಳಿದೆ: 'ನೀನು ಹೇಳ್ತಿರೋದು ಚೆನ್ನಾಗಿದೆ ಕಣೇ. ಆಮೇಲೆ ಎಲ್ಲರಿಗೂ ಹೇಳ್ತೀಯಾ? ಎದ್ದು ನಿಲ್ಲೋದು ಬೇಡ, ಕೂತೇ ಹೇಳು.' ತಲೆಯಾಡಿಸಿದಳು.

ಅವಳ ಸರದಿ ಬಂದಾಗ ದನಿ ಸಣ್ಣಗಿತ್ತು. ನನ್ನ ಹಳೇ ಅಭ್ಯಾಸ ಅಂದರೆ ಹತ್ತಿರ ಹೋಗಿ, ಅವಳ ಮಾತು ಕೇಳಿಸಿಕೊಂಡು, ಅದನ್ನೇ ನಾನು ಜೋರಾಗಿ ಇನ್ನೊಮ್ಮೆ ಹೇಳುವುದು. ಅದು ತಪ್ಪು ಅಂತ ಅಷ್ಟೊತ್ತಿಗೆ ಗೊತ್ತಾಗಿತ್ತು. ಹತ್ತಿರ ಹೋದಷ್ಟೂ ಮಗು ನನಗೊಬ್ಬಳಿಗೇ ಕೇಳುವಷ್ಟು ದನಿ ಇಳಿಸುತ್ತೆ. ಮಿಸ್ ಹೇಗೂ ಮತ್ತೆ ಹೇಳ್ತಾರೆ ಅಂತ ಉಳಿದ ಮಕ್ಕಳೂ ಅವಳ ಮಾತಿಗೆ ಕಿವಿ ಕೊಡುವುದಿಲ್ಲ. ಅದಕ್ಕೇ ಆವತ್ತು ದೂರ ಸರಿದೆ, ಎದುರಿನ ಗೋಡೆಯವರೆಗೆ. ಈಗ ಅವಳು ಇಡೀ ಕ್ಲಾಸು ದಾಟಿಸಿ ನನಗೆ ಹೇಳಬೇಕಾಯಿತು.

'ಅನ್ನದ ಪಾತ್ರೆ ಮುಚ್ಚಳ ತೆಗೆದ್ರೆ ಒಳಗಡೆ ಹನಿ ಇರುತ್ತೆ. ಅಲ್ಲಿ ಮೇಲಕ್ಕೆ ಸೋರುತ್ತಾ?'

ಇಷ್ಟೇ ಅವಳು ಹೇಳಿದ್ದು. ನಾನು ಏನೂ ಅನ್ನಲಿಲ್ಲ. ಮಡಕೆಯ ಹುಡುಗ ತಲೆ ಕೆರೆದುಕೊಂಡ. ಮತ್ತೊಬ್ಬ, 'ಮಿಸ್, ಲೋಟಕ್ಕೆ ಇಂಕ್ ಹಾಕಿ. ಸೋರಿದ್ರೆ ಹೊರಗೂ ನೀಲಿ ಬರಬೇಕಲ್ಲ' ಅಂದ. ಹಾಕಿದೆವು. ಹೊರಗಿನ ಹನಿಯನ್ನು ಬಿಳಿ ಹಾಳೆಯಿಂದ ಒತ್ತಿ ತೆಗೆದು ಎಲ್ಲರಿಗೂ ತೋರಿಸಿದೆವು. ಹಾಳೆ ಒದ್ದೆಯಾಗಿತ್ತು, ನೀಲಿ ಮಾತ್ರ ಎಲ್ಲೂ ಇರಲಿಲ್ಲ. 'ಹಾಗಾದ್ರೆ ಲೋಟದ ಸುತ್ತ ಇನ್ನೇನಿದೆ?' ಅಂತ ಕೇಳಿದೆ. ಗಾಳಿಯಲ್ಲಿ ಕಾಣದ ಹಾಗಿರುವ ನೀರಾವಿ ತಣ್ಣಗಿನ ಲೋಟ ತಾಗಿ ಹನಿಯಾಗುತ್ತೆ ಅನ್ನುವಲ್ಲಿಗೆ ಬರಲು ಇನ್ನೂ ಹತ್ತು ನಿಮಿಷ ಬೇಕಾಯಿತು. 'ಸಾಂದ್ರೀಕರಣ' ಅನ್ನೋ ಪದ ಬೋರ್ಡ್ ಮೇಲೆ ಬಂದದ್ದು ಪೀರಿಯಡ್ ಮುಗಿಯುವ ಹೊತ್ತಿಗೆ. ಆ ದಿನ ಮುಗಿಸಬೇಕಿದ್ದ ಅರ್ಧ ಪುಟ ಉಳಿದುಹೋಯಿತು. ಹೀಗೆ ಮಾಡಿದರೆ ಪೋರ್ಷನ್ ಹಿಂದೆ ಬೀಳುವುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ಪ್ರತಿ ಪಾಠದಲ್ಲೂ ಮಾಡಲ್ಲ.

ಇದಕ್ಕೆ ಮೊದಲು ಒಂದು ದೊಡ್ಡ ತಪ್ಪು ಮಾಡಿದ್ದೆ. ಐಸ್‌ಕ್ಯಾಂಡಿ ಕಡ್ಡಿಗಳ ಮೇಲೆ ಹಾಜರಿ ನಂಬರ್ ಬರೆದು, ಡಬ್ಬಿಯಿಂದ ಎತ್ತಿ, ಬಂದ ನಂಬರಿನವರು ಉತ್ತರ ಹೇಳಬೇಕು ಅಂತ ಆಟ ಶುರು ಮಾಡಿದೆ. ಎಲ್ಲರಿಗೂ ಸಮಾನ ಅವಕಾಶ ಅಲ್ವಾ ಅಂತ ನನ್ನ ಲೆಕ್ಕ. ಮೂರನೇ ದಿನ ಬಂದ ನಂಬರು ತೊದಲುವ ಒಬ್ಬ ಹುಡುಗನದು. ಅವನು ಎದ್ದು ನಿಂತ. ನಾನು ಹೊಸದಾಗಿ ಕಲಿತ 'ಕಾಯುವುದನ್ನು' ಅವನ ಮೇಲೆ ಪ್ರಯೋಗಿಸಿದೆ. ಐದು ಸೆಕೆಂಡು, ಹತ್ತು, ಹದಿನೈದು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅವನು ಮಾರನೇ ದಿನ ಶಾಲೆಗೇ ಬರಲಿಲ್ಲ. ಇಡೀ ಕ್ಲಾಸಿಗಾಗಿ ಕಾಯುವುದು ಒಂದು, ನಿಂತಿರುವ ಒಂದೇ ಮಗುವಿನ ಮುಂದೆ ಕಾಯುವುದು ಬೇರೆಯೇ. ಈಗ ಕಡ್ಡಿ ಎತ್ತುವುದು ಜೋಡಿಯಲ್ಲಿ ಮಾತಾದ ಮೇಲೆ ಮಾತ್ರ. ಅದರಲ್ಲೂ 'ನಿನ್ನ ಪಕ್ಕದವರು ಏನಂದ್ರು?' ಅಂತಲೇ ಕೇಳುವುದು. ಬೇರೆಯವರ ಮಾತು ಹೇಳಲು ಮಕ್ಕಳಿಗೆ ಅಷ್ಟು ಹೆದರಿಕೆಯಿಲ್ಲ, ತಪ್ಪಾದರೂ ಅದು ಅವರ ತಪ್ಪಲ್ಲವಲ್ಲ. ಆ ಹುಡುಗನ ಕಡ್ಡಿಯನ್ನು ಡಬ್ಬಿಯಿಂದ ತೆಗೆದಿಟ್ಟೆ. ಅವನಿಗೆ ಮಾತಾಡಬೇಕು ಅನ್ನಿಸಿದ ದಿನ ಬೆಳಗ್ಗೆಯೇ ನನಗೆ ಹೇಳುತ್ತಾನೆ. ತಿಂಗಳಿಗೆ ಎರಡು ಸಲ ಹೇಳಿದರೆ ಹೆಚ್ಚು.

'ಗೊತ್ತಿಲ್ಲ' ಅಂದವರನ್ನೂ ಈಗ ಹಾಗೇ ಬಿಡುವುದಿಲ್ಲ, ಬೈಯುವುದೂ ಇಲ್ಲ. 'ಸರಿ, ಇನ್ನಿಬ್ಬರದ್ದು ಕೇಳಿಸಿಕೋ, ಮತ್ತೆ ಬರ್ತೀನಿ' ಅನ್ನುತ್ತೇನೆ. ಇಬ್ಬರ ಉತ್ತರ ಆದ ಮೇಲೆ, 'ಇದರಲ್ಲಿ ನಿನಗೆ ಯಾವುದು ಸರಿ ಅನ್ಸುತ್ತೆ?' ಅಂತ ಕೇಳುತ್ತೇನೆ. ಮರೆಯದೆ ವಾಪಸ್ ಹೋಗಬೇಕು. ಎರಡು ಸಲ ಮರೆತರೆ ಸಾಕು, 'ಗೊತ್ತಿಲ್ಲ' ಅಂದ್ರೆ ತಪ್ಪಿಸಿಕೊಳ್ಳಬಹುದು ಅಂತ ಮಕ್ಕಳು ಕಂಡುಕೊಂಡುಬಿಡುತ್ತಾರೆ.

ಡಿಸೆಂಬರಿನಲ್ಲಿ ಮತ್ತೆ ರೆಕಾರ್ಡ್ ಮಾಡಿದೆ. 24 ಪ್ರಶ್ನೆ, 17 ಮಕ್ಕಳ ದನಿ. 'ಅರ್ಥ ಆಯ್ತಾ?' ಇನ್ನೂ ಆರು ಸಲ ಇತ್ತು. ತಪಾಸಣೆಗೆ ಯಾರಾದರೂ ಬಂದು ಹಿಂದೆ ಕೂತರಂತೂ ನನ್ನ ಐದು ಹೆಜ್ಜೆ ಎರಡಾಗುತ್ತೆ. ಆದರೆ ಆ ರೆಕಾರ್ಡಿಂಗಿನಲ್ಲಿ ಒಂದು ಪ್ರಶ್ನೆ ನನ್ನದಲ್ಲ. ಯಾರೋ ಉತ್ತರ ಹೇಳಿ ಮುಗಿಸಿ, ನಾನು ಸುಮ್ಮನಿದ್ದ ಆ ಗ್ಯಾಪಲ್ಲಿ ಮೂಲೆಯ ಬೆಂಚಿನಿಂದ ಆ ಹುಡುಗಿ ಕೇಳಿದ್ದಾಳೆ: 'ಮಿಸ್, ಮಳೆಗಾಲದಲ್ಲಿ ಗಾಳೀಲಿ ನೀರು ಜಾಸ್ತಿ ಅಂದ್ರಲ್ಲ. ಬೇಸಿಗೇಲಿ ಐಸ್ ಹಾಕಿದ್ರೆ ಲೋಟಕ್ಕೆ ಹನಿ ಕಮ್ಮಿ ಬರುತ್ತಾ?'

ಮಾರ್ಚಿಗೆ ಇನ್ನೊಂದು ಸಲ ಫ್ಲಾಸ್ಕ್ ತಗೊಂಡು ಜ್ಯೂಸ್ ಅಂಗಡಿಗೆ ಹೋಗಬೇಕು.