ಉದ್ರಿ ಬಾಕಿ 1.27 ಕೋಟಿ ಆದ ದಿನ

ಶಿರಸಿ ಸೀಮೆಯ ಒಂದು ಸಣ್ಣ ಸಹಕಾರಿ ಸಂಘದಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಸದಸ್ಯರ ಅಡಿಕೆಯನ್ನು ಟೆಂಡರಿಗೆ ಇಟ್ಟು ಮಾರಿಸುತ್ತೇವೆ, ಕಮಿಷನ್ ಪಡೆಯುತ್ತೇವೆ. ಜೊತೆಗೆ ಕಿರಾಣಿ, ಗೊಬ್ಬರ, ಹಿಂಡಿಯ ಅಂಗಡಿ ಇದೆ. ಪ್ರತಿ ತಿಂಗಳು ಆಡಳಿತ ಮಂಡಳಿಯ ಸಭೆಗೆ ತಿಂಗಳ ಅಂಕಿಗಳ ಒಂದು ಹಾಳೆ ಸಿದ್ಧವಾಗಬೇಕು. ಮೊದಲಿನಿಂದ ಬಂದ ಹಾಳೆಯಲ್ಲಿ ಮೂವತ್ತನಾಲ್ಕು ಸಾಲುಗಳಿದ್ದವು. ನಾನು ಅದರ ಮೇಲೆ ಎರಡು ಬಣ್ಣದ ಚಕ್ರಚಿತ್ರ ಸೇರಿಸಿ ಹೆಮ್ಮೆಪಟ್ಟಿದ್ದೆ.

ಒಂದು ಜುಲೈ ಸಭೆಯಲ್ಲಿ ಹಿರಿಯ ನಿರ್ದೇಶಕರೊಬ್ಬರು ಕನ್ನಡಕ ಏರಿಸಿ ಕೇಳಿದರು: "ತಮ್ಮಾ, ಉದ್ರಿ ಬಾಕಿ ಒಂದು ಕೋಟಿ ಇಪ್ಪತ್ತೇಳು ಲಕ್ಷವೇ? ಅಂಗಡಿಯನ್ನು ಮುಚ್ಚುವುದು ಯಾವಾಗ?" ಹಾಳೆಯಲ್ಲಿ ಹಾಗೆಯೇ ಇತ್ತು. ಏಪ್ರಿಲ್ ಕೊನೆಗೆ ಬಾಕಿ 40 ಲಕ್ಷ, ಮೇ ಕೊನೆಗೆ 42, ಜೂನ್ ಕೊನೆಗೆ 45. ಕೊನೆಯ ಅಂಕಣದ ಹೆಸರು 'ಏಪ್ರಿಲಿನಿಂದ ಒಟ್ಟು'. ಆ ಸೂತ್ರವನ್ನು ನಾನು ಮೇಲಿಂದ ಕೆಳಗಿನವರೆಗೆ ಎಳೆದುಬಿಟ್ಟಿದ್ದೆ. ಮಾರಾಟವನ್ನು ಕೂಡಿದಂತೆ ಬಾಕಿಯನ್ನೂ ಅದು ಕೂಡಿತ್ತು. ನಿಜವಾದ ಬಾಕಿ 45 ಲಕ್ಷ.

ಸೂತ್ರವನ್ನು ತಿದ್ದುವುದು ಒಂದು ನಿಮಿಷದ ಕೆಲಸ. ಆದರೆ ತಪ್ಪು ಹುಟ್ಟಿದ್ದು ಸೂತ್ರದಲ್ಲಲ್ಲ, ಜೋಡಣೆಯಲ್ಲಿ. ತಿಂಗಳಿಡೀ ನಡೆದ ಮೊತ್ತ ಒಂದು ಜಾತಿ. ಅದನ್ನು ತಿಂಗಳಿನಿಂದ ತಿಂಗಳಿಗೆ ಕೂಡಬಹುದು. ತಿಂಗಳ ಕೊನೆಯ ದಿನ ಉಳಿದ ಶಿಲ್ಕು ಇನ್ನೊಂದು ಜಾತಿ; ಅದನ್ನು ಕೂಡಿದರೆ ಅರ್ಥವೇ ಇಲ್ಲ. ಎರಡೂ ಒಂದೇ ಪಟ್ಟಿಯಲ್ಲಿ ಒಂದರ ಕೆಳಗೊಂದು ಕುಳಿತಿದ್ದರೆ ನಾನಲ್ಲದಿದ್ದರೆ ಓದುವವರಾದರೂ ಕೂಡಿಬಿಡುತ್ತಾರೆ.

ಹಾಗಾಗಿ ಹಾಳೆಯನ್ನು ಅಡ್ಡ ಮಾಡಿ ನಡುವೆ ಗೆರೆ ಎಳೆದೆ. ಎಡಕ್ಕೆ 'ಈ ತಿಂಗಳು ನಡೆದದ್ದು', ಬಲಕ್ಕೆ 'ತಿಂಗಳ ಕೊನೆಗೆ ಉಳಿದದ್ದು'. ಒಂದೊಂದು ಕಡೆ ಮೂರೇ ಅಂಕಿ. ಎಡಗಡೆ ಟೆಂಡರಿನಲ್ಲಿ ಹೋದ ಅಡಿಕೆ, ಅಂಗಡಿ ಮಾರಾಟ, ಸಿಕ್ಕ ಕಮಿಷನ್. ಬಲಗಡೆ ಗೋದಾಮಿನಲ್ಲಿ ಉಳಿದ ಅಡಿಕೆ, ಉದ್ರಿ ಬಾಕಿ, ಬ್ಯಾಂಕಿನ ಶಿಲ್ಕು. ಅಡಿಕೆಯ ಎದುರು ಅಡಿಕೆ, ಅಂಗಡಿ ಮಾರಾಟದ ಎದುರು ಉದ್ರಿ, ಕಮಿಷನ್ನಿನ ಎದುರು ಶಿಲ್ಕು. ಮಾರಾಟ ಏರಿದ್ದನ್ನು ನೋಡಿದ ಕಣ್ಣು ಅದೇ ಸಾಲಿನಲ್ಲಿ ಬಲಕ್ಕೆ ಸರಿದರೆ, ಏರಿದ್ದು ನಗದಿಗೋ ಉದ್ರಿಗೋ ಎನ್ನುವ ಸುಳಿವು ಸಿಗುತ್ತದೆ. 'ಏಪ್ರಿಲಿನಿಂದ' ಎನ್ನುವ ಅಂಕಿ ಈಗ ಎಡಗಡೆ ಮಾತ್ರ ಇದೆ.

ಅಡಿಕೆ ಮಾರಾಟದ ರೂಪಾಯಿ ಮೊತ್ತವನ್ನು ಈ ಆರರಲ್ಲಿ ಸೇರಿಸಲಿಲ್ಲ. ಅದರ ಬಗ್ಗೆ ತುಸು ಜಗಳವೇ ಆಯಿತು. ಆ ಹಣ ಸದಸ್ಯರದ್ದು, ಸಂಘದ ಆದಾಯವಲ್ಲ. ಕೋಟಿಯ ಅಂಕಿ ಪಕ್ಕದಲ್ಲಿದ್ದರೆ ಮೂವತ್ತು ಲಕ್ಷದ ಅಂಗಡಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಸಂಘಕ್ಕೆ ಪೆಟ್ಟು ಬೀಳುವುದು ಮಾತ್ರ ಅಂಗಡಿಯ ಕಡೆಯಿಂದಲೇ. ಉಳಿದ ಇಪ್ಪತ್ತೆಂಟು ಸಾಲುಗಳನ್ನು ಹಾಳೆಯ ಹಿಂಬದಿಗೆ ಕಳುಹಿಸಿದೆ. ಬೇಕಾದವರು ತಿರುವಿ ನೋಡುತ್ತಾರೆ.

ಅಳತೆಯ ವಿಷಯದಲ್ಲಿ ಎರಡು ಸಲ ಎಡವಿದೆ. ಹಳೆಯ ಹಾಳೆಯಲ್ಲಿ ಅಡಿಕೆ ಕ್ವಿಂಟಲಿನಲ್ಲಿ, ಕಾಳುಮೆಣಸು ಕಿಲೋದಲ್ಲಿ ಇರುತ್ತಿತ್ತು. ಅಡಿಕೆ 312, ಕೆಳಗೆ ಮೆಣಸು 1,850. ಮೆಣಸೇ ಆರು ಪಟ್ಟು ಹೆಚ್ಚು ಎಂದು ಓದಿದವರಿದ್ದರು. ನಿಜಕ್ಕೆ ಅದು 18.5 ಕ್ವಿಂಟಲ್. ಈಗ ತೂಕವೆಲ್ಲ ಕ್ವಿಂಟಲಿನಲ್ಲಿ, ಒಂದು ದಶಮಾಂಶದವರೆಗೆ. ಚೀಲದ ಲೆಕ್ಕ ಗೋದಾಮಿನ ಪುಸ್ತಕದಲ್ಲಿ ಇರಲಿ, ಚೀಲದಿಂದ ಚೀಲಕ್ಕೆ ತೂಕ ಬೇರೆ. ಅದೇ ಹುರುಪಿನಲ್ಲಿ ಮೆಣಸಿನ ದರವನ್ನೂ ಕ್ವಿಂಟಲಿಗೆ 63,000 ಎಂದು ಹಾಕಿದೆ. ಯಾರಿಗೂ ತಲೆಬುಡ ತಿಳಿಯಲಿಲ್ಲ, ಏಕೆಂದರೆ ನಮ್ಮಲ್ಲಿ ಮೆಣಸಿನ ದರವನ್ನು ಹೇಳುವುದು ಕಿಲೋಕ್ಕೆ. ಆದ್ದರಿಂದ ದರಗಳಿಗೆ ಕೆಳಗೆ ಬೇರೆಯೇ ಪಟ್ಟಿ ಮಾಡಿ, ಮಾತಿನಲ್ಲಿ ಇರುವ ಅಳತೆಯನ್ನೇ ಉಳಿಸಿ, ಪ್ರತಿ ದರದ ಪಕ್ಕ 'ಕ್ವಿಂಟಲಿಗೆ', 'ಕಿಲೋಕ್ಕೆ' ಎಂದು ಬರೆದೆ.

ಹಣವೆಲ್ಲ ಲಕ್ಷದಲ್ಲಿ. ಎಕ್ಸೆಲ್‌ನಲ್ಲಿ ಅಂಕಿಯ ರೂಪ ಬದಲಿಸಿ ಸಾವಿರಕ್ಕೆ ಇಳಿಸುವ ಉಪಾಯವಿದೆ, ಲಕ್ಷಕ್ಕೆ ಅಷ್ಟು ನೇರವಾದದ್ದು ಇಲ್ಲ. ಹಾಗಾಗಿ ರೂಪಾಯಿ ಪೈಸೆಯ ಲೆಕ್ಕವನ್ನು Sheet1 ಎನ್ನುವ ಪುಟದಲ್ಲಿ ಮುಟ್ಟದೆ ಬಿಟ್ಟು, ತೋರಿಸುವ ಪುಟದಲ್ಲಿ ಭಾಗಿಸುತ್ತೇನೆ:

```
=ROUND(SUM(Sheet1!B4:B6)/100000,1)
```

ಮೊದಲು ಕೂಡಿ ಆಮೇಲೆ ದುಂಡಗೆ ಮಾಡಬೇಕು. ಕಿರಾಣಿ 14.34, ಗೊಬ್ಬರ 9.34, ಹಿಂಡಿ 6.34 ಲಕ್ಷವಾದರೆ ಒಟ್ಟು 30.0. ಬಿಡಿಬಿಡಿಯಾಗಿ ದುಂಡಗೆ ಮಾಡಿ ಕೂಡಿದರೆ 29.9. ಸಭೆಯಲ್ಲಿ ಕ್ಯಾಲ್ಕುಲೇಟರ್ ಹಿಡಿದು ಕುಳಿತುಕೊಳ್ಳುವವರು ಒಬ್ಬರಿದ್ದಾರೆ, ಅವರ ಕಣ್ಣಿಗೆ ಈ ಹತ್ತು ಸಾವಿರ ಬಿದ್ದೇ ಬೀಳುತ್ತದೆ. ಬಿಡಿ ಅಂಕಿಗಳೂ ಇರುವ ಹಿಂಬದಿಯಲ್ಲಿ ಎರಡು ದಶಮಾಂಶ ಇಟ್ಟು ಅವರನ್ನು ಸಮಾಧಾನಪಡಿಸಿದೆ.

ದರದ ಪಟ್ಟಿಯಲ್ಲಿ ಮೊದಲು ಅಡಿಕೆಗೆ ಒಂದೇ ಸರಾಸರಿ ಇಟ್ಟಿದ್ದೆ. ಅದು ನನ್ನನ್ನು ಚೆನ್ನಾಗಿ ಮೋಸಗೊಳಿಸಿತು. ಲೆಕ್ಕ ಸುಲಭವಾಗಲೆಂದು ದುಂಡಗಿನ ಅಂಕಿಗಳಲ್ಲಿ ಹೇಳುತ್ತೇನೆ. ಒಂದು ತಿಂಗಳು ಅಡಿಕೆಯ ಎರಡು ಬಗೆಗಳಲ್ಲಿ ಚಾಲಿ 420 ಕ್ವಿಂಟಲ್ 38,000 ರೂಪಾಯಿಗೆ, ರಾಶಿ 80 ಕ್ವಿಂಟಲ್ 48,000 ರೂಪಾಯಿಗೆ ಹೋಯಿತು. ಒಟ್ಟು ಹಣವನ್ನು ಒಟ್ಟು ತೂಕದಿಂದ ಭಾಗಿಸಿದರೆ 39,600. ಮರು ತಿಂಗಳು ದರ ಒಂದು ರೂಪಾಯಿಯೂ ಕದಲಲಿಲ್ಲ, ಆದರೆ ಬಂದದ್ದು ಚಾಲಿ 200, ರಾಶಿ 300. ಸರಾಸರಿ 44,000ಕ್ಕೆ ಜಿಗಿಯಿತು. ಹಾಳೆಯನ್ನು ನೋಡಿದ ನಿರ್ದೇಶಕರು ಊರಿಗೆ ಹೋಗಿ ಅಡಿಕೆ ಏರಿದೆ ಎಂದರು. ಚಾಲಿ ತಂದ ಸದಸ್ಯರು ಸಂಘಕ್ಕೆ ಬಂದು ನಮ್ಮ ಏರಿಕೆ ಎಲ್ಲಿ ಎಂದರು. ಲೆಕ್ಕದಲ್ಲಿ ತಪ್ಪಿರಲಿಲ್ಲ, ಆದರೆ ಅದು ದರವನ್ನು ಹೇಳುತ್ತಿರಲಿಲ್ಲ, ಬಂದ ಮಾಲಿನ ಬೆರಕೆಯನ್ನು ಹೇಳುತ್ತಿತ್ತು. ಈಗ ಚಾಲಿಗೆ ಒಂದು, ರಾಶಿಗೆ ಒಂದು. ಬೆಟ್ಟೆ, ಕೆಂಪುಗೋಟು, ಬಿಳಿಗೋಟು ನಮ್ಮಲ್ಲಿ ಬರುವುದು ಕಡಿಮೆ, ಅವು ಹಿಂಬದಿಯಲ್ಲಿವೆ.

ಪ್ರತಿ ದೊಡ್ಡ ಅಂಕಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಕಳೆದ ವರ್ಷದ ಅದೇ ತಿಂಗಳ ಅಂಕಿ ಇರುತ್ತದೆ. ಕೊಯ್ಲಿನ ಹಂಗಾಮು ಇರುವ ಕಡೆ ಹಿಂದಿನ ತಿಂಗಳಿಗೆ ಹೋಲಿಸಿದರೆ ಮಳೆಗಾಲವೆಲ್ಲ ನಷ್ಟದಂತೆ ಕಾಣುತ್ತದೆ. ಆದರೂ 2025ರ ಮಾರ್ಚ್ ಹಾಳೆಯಲ್ಲಿ ಕಿರಾಣಿ ಕುಸಿದಂತೆ ಕಂಡಿತು. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ: ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, 2024ರ ಮಾರ್ಚಿನಲ್ಲಿ ನಡೆದಿತ್ತು. ಮನೆತುಂಬ ನೆಂಟರಿದ್ದ ತಿಂಗಳನ್ನು ಇಲ್ಲದ ತಿಂಗಳಿಗೆ ಹೋಲಿಸಿದ್ದೆ. ಅಂಕಿಯನ್ನು ತಿದ್ದಲಿಲ್ಲ, ಕೆಳಗೆ 'ಕಳೆದ ಮಾರ್ಚ್ ಜಾತ್ರೆ' ಎಂದು ಎರಡು ಮಾತು ಸೇರಿಸಿದೆ.

ಬಣ್ಣ ತೆಗೆದುಬಿಟ್ಟೆ. ನಮ್ಮ ಜೆರಾಕ್ಸ್ ಯಂತ್ರಕ್ಕೆ ಕೆಂಪೂ ಹಸಿರೂ ಒಂದೇ ಬೂದಿ. ಗಮನ ಬೇಕಾದ ಅಂಕಿಯ ಸುತ್ತ ದಪ್ಪ ಗೆರೆಯ ಚೌಕ, ಅದೂ ಹಾಳೆಗೆ ಒಂದೇ.

ಏಳನೆಯ ಅಂಕಿ ಸೇರಿಸಿ ಎನ್ನುವ ಒತ್ತಾಯ ಎರಡು ತಿಂಗಳಿಗೊಮ್ಮೆ ಬರುತ್ತದೆ. ಯಾವುದನ್ನು ತೆಗೆಯಲಿ ಎಂದು ಕೇಳುತ್ತೇನೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಕಳೆದ ಸಭೆಯಲ್ಲಿ ಚೌಕ ಬಿದ್ದದ್ದು ಉದ್ರಿ ಬಾಕಿಗೆ. ಅದೇ ಹಿರಿಯರು ಹಾಳೆಯನ್ನು ಮೇಜಿನ ಮೇಲಿಟ್ಟು, "ಇದರಲ್ಲಿ ನಮ್ಮ ನಿರ್ದೇಶಕರದ್ದು ಎಷ್ಟು, ತಮ್ಮಾ?" ಎಂದರು. ಅದು ಹಾಳೆಯಲ್ಲಿ ಇರಲಿಲ್ಲ. ಕಪಾಟಿನಿಂದ ಪಟ್ಟಿ ತೆಗೆದು ಕೊಟ್ಟೆ.