ಎರಡು ಬಾರಿ ಹಿಂದಿರುಗಿದ ಕವರಿಂಗ್ ಲೆಟರ್: ನನ್ನ ಅನುಭವ

ಸಂಶೋಧನೆ ಶುರುವಾಗುವ ಮೊದಲು ಅದನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಬರೆಯುವ ಕವರಿಂಗ್ ಲೆಟರಿನಲ್ಲಿ ನಮ್ಮ ಅಧ್ಯಯನದ ದುರ್ಬಲ ಜಾಗಗಳನ್ನು ನಾವೇ ಮೊದಲು ಹೇಳಿಬಿಡಬೇಕೆಂದು ನಾನು ವಾದಿಸಿದಾಗ, ನನ್ನ ಮಾರ್ಗದರ್ಶಕರೂ ಸೇರಿದಂತೆ ಯಾರೂ ಒಪ್ಪಲಿಲ್ಲ. ಕೋಲು ಕೊಟ್ಟು ಹೊಡೆಸಿಕೊಳ್ಳುವ ಕೆಲಸವಿದು ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ಅವರೆಲ್ಲರ ಮಾತು ಕೇಳಿ ಬರೆದ ಎರಡು ಪತ್ರಗಳು ಹಿಂದಿರುಗಿ ಬಂದವು. ನನ್ನ ಮಾತಿನಂತೆ ಬರೆದ ಮೂರನೆಯದಕ್ಕೆ ಒಂದೇ ಸಭೆಯಲ್ಲಿ ಒಪ್ಪಿಗೆ ಸಿಕ್ಕಿತು. ಇದನ್ನು ಬರೆಯಲು ಆ ಸಣ್ಣ ಗೆಲುವೂ ಒಂದು ಕಾರಣವೆಂದು ಒಪ್ಪಿಕೊಳ್ಳುತ್ತೇನೆ.

ಅಧ್ಯಯನ ಸರಳವಾದದ್ದು. ಒಂದೇ ಆಸ್ಪತ್ರೆಯ ಸುಮಾರು 310 ನರ್ಸ್‌ಗಳಿಗೆ ಕೆಲಸದ ದಣಿವಿನ ಕುರಿತು ಒಂದು ಪ್ರಶ್ನಾವಳಿ ಕೊಡುವುದು, ತುಂಬಿಸಿದ ಪ್ರತಿಗಳನ್ನು ಹೆಸರಿಲ್ಲದೆ ಹಿಂದಕ್ಕೆ ಪಡೆಯುವುದು. ಔಷಧಿಯಿಲ್ಲ, ರಕ್ತದ ಮಾದರಿಯಿಲ್ಲ, ರೋಗಿಗಳ ದಾಖಲೆಯಿಲ್ಲ. ಆದ್ದರಿಂದಲೇ ಮೊದಲ ಪತ್ರವನ್ನು ನಾನು ಹಗುರವಾಗಿ ಬರೆದೆ. ಎರಡೂವರೆ ಪುಟಗಳ ಆ ಪತ್ರದ ಮುಕ್ಕಾಲು ಪಾಲು ನರ್ಸ್‌ಗಳ ದಣಿವಿನ ಬಗೆಗಿನ ಹಿಂದಿನ ಅಧ್ಯಯನಗಳ ವಿವರಣೆಯೇ ಆಗಿತ್ತು, ಕೊನೆಯಲ್ಲಿ ಮಾತ್ರ "ಈ ಸಮೀಕ್ಷೆಯಿಂದ ಭಾಗವಹಿಸುವವರಿಗೆ ಯಾವುದೇ ಅಪಾಯವಿರುವುದಿಲ್ಲ, ಮಾಹಿತಿ ಸಂಪೂರ್ಣ ಗೋಪ್ಯವಾಗಿರುತ್ತದೆ" ಎಂಬ ಒಂದು ವಾಕ್ಯವಿತ್ತು. ಸಮಿತಿಯ ಪ್ರಶ್ನೆಗಳೆಲ್ಲವೂ ಆ ಒಂದು ವಾಕ್ಯದ ಮೇಲೆಯೇ ಬಂದವು.

ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಪ್ರಶ್ನಾವಳಿಯ ಮೊದಲ ಪುಟದಲ್ಲಿ ನಾನು ವಾರ್ಡ್, ಲಿಂಗ, ವಯಸ್ಸು, ಸೇವಾವಧಿ, ವಿದ್ಯಾರ್ಹತೆ ಎಲ್ಲವನ್ನೂ ಕೇಳಿದ್ದೆ. ಒಂದು ವಾರ್ಡಿನಲ್ಲಿ ಒಬ್ಬನೇ ಪುರುಷ ನರ್ಸ್ ಇದ್ದರೆ ಅವನ ಹೆಸರು ಬರೆಯದಿದ್ದರೂ ಅದು ಅವನದೇ ಉತ್ತರವೆಂದು ಯಾರಿಗಾದರೂ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ತುಂಬಿಸಿದ ಪ್ರತಿಗಳನ್ನು ಆಯಾ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಸಂಗ್ರಹಿಸಿ ಕೊಡುತ್ತಾರೆಂದು ಬರೆದಿದ್ದೆ. ಪಾಳಿ ಹಾಕುವವರ ಕೈಗೇ "ನನಗೆ ಮೇಲಿನವರಿಂದ ಬೆಂಬಲವಿಲ್ಲ" ಎಂಬ ಉತ್ತರವನ್ನು ಕೊಡಬೇಕೆಂದು ನಾನು ಕೇಳುತ್ತಿದ್ದೆ ಎನ್ನುವುದು ಆಗ ನನಗೆ ಹೊಳೆದಿರಲಿಲ್ಲ. ಇಷ್ಟು ಸಾಲದೆಂಬಂತೆ ನಾನೂ ಅದೇ ಆಸ್ಪತ್ರೆಯಲ್ಲಿ ಒಂದು ವಾರ್ಡಿನ ಇನ್‌ಚಾರ್ಜ್ ಆಗಿದ್ದೆ, ಆ ವಿಷಯ ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ.

ಇಲ್ಲಿಯೇ ಹಣದ ಮೊದಲ ಪೆಟ್ಟು ಬಿತ್ತು. ಒಪ್ಪಿಗೆ ಖಂಡಿತ ಬರುತ್ತದೆಂಬ ಭರವಸೆಯಿಂದ ನಾನು ಸುಮಾರು 350 ಪ್ರಶ್ನಾವಳಿಗಳನ್ನು ಮೊದಲೇ ಮುದ್ರಿಸಿಟ್ಟಿದ್ದೆ. ಮೊದಲ ಪುಟವೇ ಬದಲಾದ ಮೇಲೆ ಅವು ರದ್ದಿಗೆ ಹೋದವು. ನನ್ನ ಸ್ವಂತ ಹಣದಲ್ಲಿ ನಡೆಯುತ್ತಿದ್ದ ಅಧ್ಯಯನದ ಒಟ್ಟು ಖರ್ಚಿನಲ್ಲಿ ಐದನೆಯ ಒಂದು ಭಾಗವಾದರೂ ಹೀಗೆ ಹಾಳಾಗಿರಬೇಕು. ಇನ್ನೊಂದು ತಪ್ಪು ಹಣಕ್ಕಿಂತ ದೊಡ್ಡದು: ಪ್ರಶ್ನೆಗಳು ಅರ್ಥವಾಗುತ್ತವೆಯೋ ಇಲ್ಲವೋ ನೋಡಲು ಹನ್ನೆರಡು ನರ್ಸ್‌ಗಳಿಂದ ಮೊದಲೇ ತುಂಬಿಸಿಕೊಂಡಿದ್ದೆ. ಅದೂ ಮಾಹಿತಿ ಸಂಗ್ರಹವೇ, ಅದಕ್ಕೂ ಒಪ್ಪಿಗೆ ಬೇಕಿತ್ತು ಎಂದು ಸಮಿತಿ ತಿಳಿಸಿತು. ಆ ಹನ್ನೆರಡು ಪ್ರತಿಗಳನ್ನು ನಾಶಪಡಿಸಿ, ಹಾಗೆ ಮಾಡಿದ್ದೇನೆಂದು ಬರೆದುಕೊಟ್ಟೆ.

ಎರಡನೆಯ ಪತ್ರದಲ್ಲಿ ಉತ್ತರಗಳು ಸರಿಯಾಗಿದ್ದವು, ಆದರೆ ಸಮಿತಿ ಅಲ್ಲಿಯವರೆಗೆ ಓದಲೇ ಇಲ್ಲ. ಪತ್ರದಲ್ಲಿ ಪ್ರಶ್ನಾವಳಿ ತುಂಬಲು ಹದಿನೈದು ನಿಮಿಷ ಬೇಕೆಂದಿತ್ತು, ಭಾಗವಹಿಸುವವರಿಗೆ ಕೊಡುವ ಮಾಹಿತಿ ಪತ್ರದಲ್ಲಿ ಹತ್ತು ನಿಮಿಷವೆಂದಿತ್ತು. ಪತ್ರದಲ್ಲಿ ಪೆಟ್ಟಿಗೆಯಲ್ಲಿ ಹಾಕುವ ವ್ಯವಸ್ಥೆ, ಅಧ್ಯಯನದ ಯೋಜನೆಯಲ್ಲಿ ಇನ್ನೂ ಇನ್‌ಚಾರ್ಜ್ ಸಿಸ್ಟರ್. ಮಾಹಿತಿ ಪತ್ರದ ಹಳೆಯ ಆವೃತ್ತಿಯೇ ಲಗತ್ತಾಗಿತ್ತು. ಸದಸ್ಯ ಕಾರ್ಯದರ್ಶಿಗಳು ದಾಖಲೆಗಳು ಒಂದಕ್ಕೊಂದು ಹೊಂದುತ್ತಿಲ್ಲವೆಂದು ಹಿಂದಕ್ಕೆ ಕಳಿಸಿದರು, ಮುಂದಿನ ಸಭೆಗೆ ಆರು ವಾರ ಕಾಯಬೇಕಾಯಿತು, ಪರಿಶೀಲನಾ ಶುಲ್ಕವನ್ನೂ ಮತ್ತೊಮ್ಮೆ ಕಟ್ಟಿದೆ.

ಆ ಆರು ವಾರಗಳಲ್ಲಿ ನಾನು ಮಾಡಿದ ಒಂದು ಪಕ್ಕದ ಪ್ರಯೋಗವೇ ಮೂರನೆಯ ಪತ್ರದ ಬೆನ್ನೆಲುಬಾಯಿತು. ನರ್ಸಿಂಗ್ ಕಚೇರಿಯಿಂದ ಹೆಸರುಗಳಿಲ್ಲದೆ ಬರೀ ಸಂಖ್ಯೆಗಳನ್ನು ಪಡೆದೆ: ಯಾವ ವಾರ್ಡಿನಲ್ಲಿ, ಯಾವ ಲಿಂಗದ, ಯಾವ ವಯೋಮಾನದ, ಎಷ್ಟು ಸೇವಾವಧಿಯ ನರ್ಸ್‌ಗಳು ಎಷ್ಟು ಮಂದಿ ಎಂದು. ನಾನು ಮೊದಲು ಕೇಳಿದ್ದ ಪ್ರಶ್ನೆಗಳ ಪ್ರಕಾರ ಅವರನ್ನು ಗುಂಪು ಮಾಡಿದಾಗ ಸುಮಾರು ಅರುವತ್ತು ಮಂದಿ ತಮ್ಮ ತಮ್ಮ ಗುಂಪಿನಲ್ಲಿ ಒಬ್ಬೊಬ್ಬರೇ ಉಳಿದರು. ಅಂದರೆ ಐವರಲ್ಲಿ ಒಬ್ಬರನ್ನು, ನಾನು ಹೆಸರಿಲ್ಲದ ಸಮೀಕ್ಷೆ ಎಂದು ಕರೆಯುತ್ತಿದ್ದ ಸಮೀಕ್ಷೆಯಲ್ಲಿ, ಸಿಬ್ಬಂದಿ ಪಟ್ಟಿ ಕೈಯಲ್ಲಿರುವ ಯಾರಾದರೂ ಗುರುತಿಸಬಹುದಿತ್ತು. ನಂತರ ಒಂದೊಂದೇ ಪ್ರಶ್ನೆಯನ್ನು ಕಳೆಯುತ್ತ ಹೋದೆ. ಲಿಂಗವನ್ನೂ ವಿದ್ಯಾರ್ಹತೆಯನ್ನೂ ಬಿಟ್ಟೆ, ನನ್ನ ಸಂಶೋಧನಾ ಪ್ರಶ್ನೆಗೆ ಅವು ಬೇಕಿರಲಿಲ್ಲ. ವಯಸ್ಸು ಮತ್ತು ಸೇವಾವಧಿ ಬಹುಪಾಲು ಒಟ್ಟಿಗೇ ಏರುವುದರಿಂದ ವಯಸ್ಸನ್ನೂ ತೆಗೆದು ಸೇವಾವಧಿಯನ್ನು ಮೂರು ಹಂತಗಳಲ್ಲಿ ಉಳಿಸಿಕೊಂಡೆ. ಹದಿನಾಲ್ಕು ವಾರ್ಡುಗಳನ್ನು ತುರ್ತು ವಿಭಾಗಗಳು, ಸಾಮಾನ್ಯ ವಾರ್ಡುಗಳು, ಉಳಿದವು ಎಂದು ಮೂರಾಗಿಸಿದೆ. ಒಟ್ಟು ಒಂಬತ್ತು ಗುಂಪುಗಳಾದವು, ಅತ್ಯಂತ ಚಿಕ್ಕ ಗುಂಪಿನಲ್ಲಿ ಹನ್ನೊಂದು ಮಂದಿ ಇದ್ದರು. ಎಲ್ಲರೂ ಉತ್ತರಿಸುವುದಿಲ್ಲವಾದ್ದರಿಂದ, ಉತ್ತರಿಸಿದವರು ಹತ್ತಕ್ಕಿಂತ ಕಡಿಮೆ ಇರುವ ಗುಂಪಿನ ಫಲಿತಾಂಶವನ್ನು ಪ್ರತ್ಯೇಕವಾಗಿ ತೋರಿಸುವುದಿಲ್ಲವೆಂಬ ನಿಯಮವನ್ನೂ ಸೇರಿಸಿದೆ.

ಇದೇ ಅವಧಿಯಲ್ಲಿ ಪ್ರಶ್ನಾವಳಿಯನ್ನೂ ಬದಲಿಸಿದೆ. ಮೊದಲು ಆರಿಸಿದ್ದ 22 ಪ್ರಶ್ನೆಗಳ, ದಣಿವು ಅಳೆಯುವ ಮ್ಯಾಸ್ಲಾಕ್ ಮಾಪಕಕ್ಕೆ ಬಳಸುವ ಒಂದೊಂದು ಪ್ರತಿಯ ಲೆಕ್ಕದಲ್ಲಿ ಪರವಾನಗಿ ಶುಲ್ಕ ಕಟ್ಟಬೇಕಿತ್ತು, ನನ್ನ ಜೇಬಿಗೆ ಅದು ಭಾರವಾಗಿತ್ತು. ಉಚಿತವಾಗಿ ಬಳಸಬಹುದಾದ 19 ಪ್ರಶ್ನೆಗಳ ಕೋಪನ್‌ಹೇಗನ್ ಮಾಪಕಕ್ಕೆ ಬಂದೆ. ಮೊದಲು ಅದರ ಜೊತೆಗೆ ಸೇರಿಸಿದ್ದ, ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ಪೂರ್ತಿ ಕೈಬಿಟ್ಟೆ. ಅದರ ಒಂಬತ್ತನೆಯ ಪ್ರಶ್ನೆ ಸಾವಿನ ಮತ್ತು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಗಳ ಬಗ್ಗೆ ಕೇಳುತ್ತದೆ. ಹೆಸರಿಲ್ಲದ ಹಾಳೆಯಲ್ಲಿ ಯಾರಾದರೂ "ಬಹುತೇಕ ಪ್ರತಿದಿನ" ಎಂದು ಗುರುತು ಹಾಕಿದರೆ ಅವರನ್ನು ಹುಡುಕಿ ನೆರವಾಗಲು ನನ್ನಿಂದ ಸಾಧ್ಯವಿರಲಿಲ್ಲ. ನೆರವಾಗಲಾರದವಳು ಅದನ್ನು ಕೇಳಬಾರದೆಂದು ನನಗನ್ನಿಸಿತು. ಆ ಒಂದು ಪ್ರಶ್ನೆಯನ್ನು ಬಿಟ್ಟ ಎಂಟು ಪ್ರಶ್ನೆಗಳ ರೂಪವೂ ಇದೆ, ಆದರೆ ನನ್ನ ವಿಷಯಕ್ಕೆ ಅದೂ ಅಗತ್ಯವಾಗಿರಲಿಲ್ಲ.

ಮೂರನೆಯ ಪತ್ರ ಒಂದೇ ಪುಟದ್ದು. ಹಿಂದಿನ ಅಧ್ಯಯನಗಳ ಹೆಸರು ಒಂದೂ ಇರಲಿಲ್ಲ, ಅದು ಯೋಜನೆಯಲ್ಲಿತ್ತು. ಮೊದಲ ಪ್ಯಾರಾದಲ್ಲಿ ಏನು, ಯಾರಲ್ಲಿ, ಎಷ್ಟು ಮಂದಿ, ಯಾವ ಬಗೆಯ ಪರಿಶೀಲನೆ ಕೋರುತ್ತಿದ್ದೇನೆ ಎಂಬುದಷ್ಟೇ ಇತ್ತು. ಅಪಾಯವಿಲ್ಲವೆಂಬ ಮಾತನ್ನು ತೆಗೆದು, ಕನಿಷ್ಠ ಅಪಾಯದ ಅಧ್ಯಯನವೆಂದು ಪರಿಗಣಿಸಿ ತ್ವರಿತ ಪರಿಶೀಲನೆಗೆ ತೆಗೆದುಕೊಳ್ಳಬಹುದೇ ಎಂದು ಕೇಳಿದ್ದೆ, ನಿರ್ಧಾರವನ್ನು ಅವರಿಗೇ ಬಿಟ್ಟಿದ್ದೆ. ಅದರ ಮುಂದಿನ ಪ್ಯಾರಾವೇ ಎಲ್ಲರೂ ಬೇಡವೆಂದದ್ದು. ಅದು ಹೀಗಿತ್ತು:

"ಈ ಅಧ್ಯಯನದಲ್ಲಿ ನನಗೆ ಕಾಣುವ ಮೂರು ತೊಡಕುಗಳನ್ನು ಸಮಿತಿಯ ಗಮನಕ್ಕೆ ತರಬಯಸುತ್ತೇನೆ. ಒಂದನೆಯದಾಗಿ, ನಾನು ಇದೇ ಆಸ್ಪತ್ರೆಯ ಒಂದು ವಾರ್ಡಿನ ಮೇಲ್ವಿಚಾರಕಿಯಾಗಿರುವುದರಿಂದ ನನ್ನ ಕೈಕೆಳಗಿನ ನರ್ಸ್‌ಗಳಿಗೆ ನಿರಾಕರಿಸುವುದು ಕಷ್ಟವಾಗಬಹುದು. ಆದ್ದರಿಂದ ನನ್ನ ವಾರ್ಡನ್ನು ಅಧ್ಯಯನದಿಂದ ಹೊರಗಿಟ್ಟಿದ್ದೇನೆ. ಎರಡನೆಯದಾಗಿ, ವೈಯಕ್ತಿಕ ವಿವರಗಳನ್ನು ಜೋಡಿಸಿ ವ್ಯಕ್ತಿಯನ್ನು ಗುರುತಿಸುವ ಸಾಧ್ಯತೆಯಿತ್ತು. ಅದನ್ನು ತಗ್ಗಿಸಿದ ಬಗೆ ಯೋಜನೆಯ ಏಳನೆಯ ಪುಟದಲ್ಲಿದೆ. ಮೂರನೆಯದಾಗಿ, ಪ್ರಶ್ನಾವಳಿಯನ್ನು ಪೆಟ್ಟಿಗೆಯಲ್ಲಿ ಹಾಕಿದ ಮೇಲೆ ಅದನ್ನು ಹಿಂದಕ್ಕೆ ಪಡೆಯಲು ಸಾಧ್ಯವಿಲ್ಲ; ಇದನ್ನು ಮಾಹಿತಿ ಪತ್ರದಲ್ಲಿ ಸ್ಪಷ್ಟವಾಗಿ ತಿಳಿಸಿದ್ದೇನೆ."

ಮೂರನೆಯ ತೊಡಕಿನ ಬಗ್ಗೆ ಒಂದು ಮಾತು ಹೇಳಬೇಕು. ನನ್ನ ಮೊದಲ ಮಾಹಿತಿ ಪತ್ರದಲ್ಲಿ "ಯಾವಾಗ ಬೇಕಾದರೂ ಹಿಂದೆ ಸರಿಯಬಹುದು" ಎಂದು ಬರೆದಿದ್ದೆ. ನಾವೆಲ್ಲರೂ ಒಬ್ಬರಿಂದೊಬ್ಬರು ನಕಲು ಮಾಡುವ ವಾಕ್ಯವದು. ಹೆಸರಿಲ್ಲದ ಹಾಳೆಗಳ ರಾಶಿಯಿಂದ ಒಬ್ಬರ ಹಾಳೆಯನ್ನು ಹುಡುಕಿ ತೆಗೆಯಲು ಯಾರಿಂದಲೂ ಆಗುವುದಿಲ್ಲ, ಹಾಗಾಗಿ ಅದು ಈಡೇರಿಸಲಾಗದ ಭರವಸೆ. ಸಹಿ ಮಾಡಿದ ಸಮ್ಮತಿ ಪತ್ರದ ವಿಷಯವೂ ಹೀಗೆಯೇ: ಇಡೀ ಅಧ್ಯಯನದಲ್ಲಿ ಹೆಸರಿರುವ ಏಕೈಕ ಕಾಗದ ಅದೇ ಆಗುತ್ತಿತ್ತು. ಆದ್ದರಿಂದ ಪತ್ರದ ಮೂರನೆಯ ಪ್ಯಾರಾದಲ್ಲಿ ಸಹಿಯಿಂದ ವಿನಾಯಿತಿ ಕೋರಿ, ಮಾಹಿತಿ ಪತ್ರವನ್ನು ಓದಿ ತುಂಬಿಸಿ ಪೆಟ್ಟಿಗೆಗೆ ಹಾಕುವುದನ್ನೇ ಸಮ್ಮತಿಯೆಂದು ಪರಿಗಣಿಸಲು ಕೇಳಿಕೊಂಡೆ. ಇದನ್ನು ಪತ್ರದಲ್ಲಿ ಕೇಳದೆ ಸಹಿಯ ಹಾಳೆಯನ್ನು ಸುಮ್ಮನೆ ಬಿಟ್ಟುಬಿಟ್ಟರೆ, ಮರೆತಿದ್ದಾರೆಂದೇ ಸಮಿತಿ ಭಾವಿಸುತ್ತದೆ. ಖಾಲಿ ಹಾಳೆಯನ್ನೂ ಮುಚ್ಚಿದ ಲಕೋಟೆಯಲ್ಲಿ ಹಾಕಬಹುದೆಂದು ಸೇರಿಸಿದ್ದು ನನ್ನ ಸ್ವಂತ ಯೋಚನೆ. ಯಾರು ನಿರಾಕರಿಸಿದರು ಎಂಬುದು ಪಕ್ಕದಲ್ಲಿ ನಿಂತವರಿಗೂ ತಿಳಿಯುವುದಿಲ್ಲ. ಸಭೆಯಲ್ಲಿ ಒಬ್ಬ ಸದಸ್ಯರು ಇದನ್ನು ಮೆಚ್ಚಿದರೆಂದು ಆಮೇಲೆ ಕಿವಿಗೆ ಬಿತ್ತು.

ಕೊನೆಯಲ್ಲಿ ಲಗತ್ತುಗಳ ಪಟ್ಟಿ, ಪ್ರತಿಯೊಂದರ ಮುಂದೆ ಆವೃತ್ತಿ ಸಂಖ್ಯೆ ಮತ್ತು ದಿನಾಂಕ, ಅದೇ ಸಂಖ್ಯೆ ಆಯಾ ದಾಖಲೆಯ ಪ್ರತಿ ಪುಟದ ಅಡಿಯಲ್ಲಿ. ಸಲ್ಲಿಸುವ ಹಿಂದಿನ ದಿನ ಪತ್ರದಲ್ಲಿರುವ ಪ್ರತಿಯೊಂದು ಅಂಕಿಯ ಕೆಳಗೂ ಕೆಂಪು ಗೆರೆ ಎಳೆದು, ಉಳಿದ ದಾಖಲೆಗಳಲ್ಲಿ ಅದನ್ನು ಹುಡುಕಿ ಹೊಂದಿಸಿದೆ. ಆಗಲೂ ಒಂದು ಕಡೆ 310, ಇನ್ನೊಂದು ಕಡೆ ನನ್ನ ವಾರ್ಡನ್ನು ಕಳೆದ 286 ಸಿಕ್ಕಿತು.

ನನ್ನ ವಾರ್ಡಿನ ಇಪ್ಪತ್ತನಾಲ್ಕು ಮಂದಿಯನ್ನು ಬಿಟ್ಟದ್ದಕ್ಕೆ ಮಾರ್ಗದರ್ಶಕರು ತುಸು ಮುನಿಸಿಕೊಂಡಿದ್ದರು, ಸಂಖ್ಯೆ ಸಾಲದೆಂದು. ಒಪ್ಪಿಗೆಯ ನಂತರ ಉಳಿದ 286ರಲ್ಲಿ ಸುಮಾರು 200 ಹಾಳೆಗಳು ತುಂಬಿ ಬಂದವು, ಇಪ್ಪತ್ತರ ಆಸುಪಾಸು ಖಾಲಿ ಬಂದವು. ಅತ್ಯಂತ ಚಿಕ್ಕ ಗುಂಪಿನಲ್ಲಿ ಎಂಟೇ ಮಂದಿ ಉತ್ತರಿಸಿದ್ದರು, ಬರೆದುಕೊಟ್ಟ ನಿಯಮದಂತೆ ಅದನ್ನು ಪಕ್ಕದ ಗುಂಪಿಗೆ ಸೇರಿಸಿದೆ. ನಡುವೆ ಒಮ್ಮೆ ಅವಧಿಯನ್ನು ಎರಡು ವಾರ ಹೆಚ್ಚಿಸಬೇಕಾಗಿ ಬಂದಾಗ ತಿದ್ದುಪಡಿಗೆ ಮತ್ತೊಂದು ಕವರಿಂಗ್ ಲೆಟರ್ ಬರೆದೆ. ಆರೇ ಸಾಲುಗಳ ಪತ್ರ, ನಾಲ್ಕು ದಿನಗಳಲ್ಲಿ ಉತ್ತರ ಬಂತು. ಕೋಲಿನ ಮಾತು ಹೇಳಿ ನಕ್ಕಿದ್ದ ಸಹೋದ್ಯೋಗಿ ಈಗ ತಮ್ಮ ಅಧ್ಯಯನಕ್ಕೆಂದು ನನ್ನ ಎರಡನೆಯ ಪ್ಯಾರಾವನ್ನು ಕೇಳಿ ತೆಗೆದುಕೊಂಡು ಹೋಗಿದ್ದಾರೆ. ಅದರಲ್ಲಿರುವ ಮೂರು ತೊಡಕುಗಳನ್ನು ಹಾಗೆಯೇ ನಕಲು ಮಾಡದೆ ತಮ್ಮವನ್ನೇ ಬರೆಯಿರೆಂದು ಹೇಳಿ ಕೊಟ್ಟಿದ್ದೇನೆ.