ಕಾಗದದ ಕುರಿ, ಮಿಣಮಿಣ ಬೆಳಕು

ಲೂಕನ ಸುವಾರ್ತೆಯ ಕಳೆದುಹೋದ ಕುರಿಯ ಸಾಮ್ಯವನ್ನು ಸಂಡೇ ಸ್ಕೂಲ್ ಮಕ್ಕಳಿಗಾಗಿ ಕಾಗದದ ಗೊಂಬೆಗಳಲ್ಲಿ ಸ್ಟಾಪ್ ಮೋಷನ್ ವಿಡಿಯೋ ಮಾಡುತ್ತಿದ್ದೆ, ಗೊಂಬೆಯನ್ನು ಚೂರುಚೂರೇ ಸರಿಸಿ ಒಂದೊಂದೇ ಫೋಟೋ ತೆಗೆದು. ಫೋಟೋಗಳನ್ನು ಜೋಡಿಸಿ ಓಡಿಸಿದರೆ ಬೆಳಕು ಮಿಣಮಿಣ ಅನ್ನುತ್ತಿತ್ತು. ಬಿಳಿ ಕುರಿ ಮುಂದೆ ಬಂದಾಗಲೆಲ್ಲ ಫೋನ್ ತಾನೇ ಚಿತ್ರವನ್ನು ಕಪ್ಪಾಗಿಸುತ್ತಿತ್ತು. ಹೊರಗೆ ಮೋಡದ ಆಟ ಬೇರೆ.

ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ, ಎರಡೂ ಪಕ್ಕ ಒಂದೊಂದು ಬಲ್ಬ್ ಇಟ್ಟೆ. ಕ್ಯಾಮೆರಾ ಪರದೆಯನ್ನು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಶರ್ ಎರಡನ್ನೂ ಲಾಕ್ ಮಾಡಿದೆ. ಮಿಣುಕು ನಿಂತಿತು.

ಇನ್ನು ಶಾಟ್‌ಗಳು. ಕಥೆಯಲ್ಲಿ ನೂರರಲ್ಲಿ ಒಂದು ಕಳೆದು ಉಳಿದ 99 ಕುರಿಗಳನ್ನು ಕಾಗದದಲ್ಲಿ ಕತ್ತರಿಸೋರು ಯಾರು? ದೂರದ ಶಾಟ್‌ನಲ್ಲಿ ಮಂದೆಯನ್ನು ಒಂದೇ ಪಟ್ಟಿಯಾಗಿ ಕತ್ತರಿಸಿ ಅಂಟಿಸಿದೆ. ಅದು ಅಲುಗಾಡಲ್ಲ, ಕುರುಬ ಮಾತ್ರ ತಲೆ ತಿರುಗಿಸುತ್ತಾನೆ. ಹುಡುಕಾಟದಲ್ಲಿ ಅವನು ನಡುವೆಯೇ ಇದ್ದು ಕಾಲು ಮಾತ್ರ ಆಡಿಸುತ್ತಾನೆ. ಗುಡ್ಡ ಬರೆದ ಉದ್ದ ಕಾಗದವನ್ನು ಅವನ ಕೆಳಗಿಂದ ಪ್ರತಿ ಫೋಟೋಗೂ ಅಷ್ಟಷ್ಟೇ ಎಳೆದೆ. ಸೆಕೆಂಡಿಗೆ 12 ಫೋಟೋ ಲೆಕ್ಕದಲ್ಲಿ 5 ಸೆಕೆಂಡಿಗೆ 60 ಬೇಕು. ಆ ನಡಿಗೆಯನ್ನೇ ಎರಡು ಸಲ ಹಾಕಿದರೆ ಸುಮ್ನೆ ಮತ್ತೆ ತೆಗೆಯೋದು ತಪ್ಪುತ್ತದೆ. ಮುಳ್ಳುಪೊದೆಯ ಕುರಿಗೆ ಕ್ಲೋಸಪ್. ಹೆಗಲ ಮೇಲಿನ ಕುರಿಯನ್ನು ಕುರುಬನ ಜೊತೆಗೇ ಒಂದೇ ತುಂಡಾಗಿ ಕತ್ತರಿಸಿ. ಬಿಡಿಬಿಡಿಯಾಗಿದ್ದರೆ ಪ್ರತಿ ಫೋಟೋಗೂ ಜಾರುತ್ತದೆ.